ಮಸಾಲೆ ನಾವೇ ಪುಡಿ ಮಾಡುವುದೋ, ಹುಬ್ಬಳ್ಳಿಯಿಂದ ತರಿಸುವುದೋ?

*"ನಮಸ್ತೆ ಸರ್. ಶಿರಸಿ ಹತ್ತಿರ ನಮ್ಮದೊಂದು ಸಣ್ಣ ಉಪ್ಪಿನಕಾಯಿ ಘಟಕ ಇದೆ. ಅಪ್ಪೆಮಿಡಿಯೇ ಮುಖ್ಯ. ಮಸಾಲೆಯನ್ನು ನಾವೇ ಹುರಿದು, ಪಲ್ವರೈಜರ್‌ನಲ್ಲಿ ಪುಡಿ ಮಾಡಿಕೊಳ್ಳುತ್ತೇವೆ. ತಿಂಗಳಿಗೆ 200 ಕೆಜಿ ಬೇಕು. ಲೆಕ್ಕ ನೋಡುವವರು ಕೆಜಿಗೆ 292 ರೂಪಾಯಿ ಬೀಳುತ್ತದೆ ಅಂದರು. ಹುಬ್ಬಳ್ಳಿಯವರೊಬ್ಬರು ನಮ್ಮ ಅಳತೆಯಲ್ಲೇ 250ಕ್ಕೆ ಮಾಡಿಕೊಡುತ್ತೇನೆ ಅಂದಿದ್ದಾರೆ. ವರ್ಷಕ್ಕೆ ಒಂದು ಲಕ್ಷ ಉಳಿಯುತ್ತದೆ, ಮಷಿನ್ ಮಾರಿಬಿಡೋಣ ಅಂತ ನಮ್ಮ ಮನೆಯವರು ಹೇಳುತ್ತಿದ್ದಾರೆ. ನನಗೆ ಧೈರ್ಯ ಬರುತ್ತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಜಾಗ ಸಾಲದೆ ಮುರುಗಲು ಸಿರಪ್ಪಿನ ಆರ್ಡರ್ ಬಿಟ್ಟದ್ದೂ ಇದೆ. ಲೆಕ್ಕದ ಹಾಳೆ, ಕೋಟೇಶನ್, ಉಳಿದ ವಿವರ ಬರೆದ ಚೀಟಿ ಎಲ್ಲವನ್ನೂ ಜೊತೆಗಿಟ್ಟಿದ್ದೇನೆ. ಏನು ಮಾಡಲಿ?"*

ಮಷಿನ್ ಸದ್ಯಕ್ಕೆ ಮಾರಬೇಡಿ. ಆ ಒಂದು ಲಕ್ಷ ಹಾಳೆಯ ಮೇಲೆ ಮಾತ್ರ ಇದೆ, ನಿಮ್ಮ ಬ್ಯಾಂಕಿನ ಪಾಸ್‌ಬುಕ್ಕಿಗೆ ಅದು ಬರುವುದಿಲ್ಲ. ನೀವು ಕೊನೆಗೆ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ ಮುರುಗಲಿನ ಮಾತು ಇದೆಯಲ್ಲ, ಅದರಲ್ಲಿ ಮಾತ್ರ ನಿಜವಾದ ದುಡ್ಡಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಲೆಕ್ಕದವರ ಪರವಾಗಿ ಒಂದು ಮಾತು. 292 ತಪ್ಪು ಅಂಕಿ ಅಲ್ಲ. ಹಾಳೆಯನ್ನು ಎರಡು ಸಲ ನೋಡಿದೆ. ಸಾಮಾನಿನ ದರವನ್ನು ಹುರಿದು ಪುಡಿ ಮಾಡಿದ ಮೇಲೆ ಉಳಿದ ತೂಕಕ್ಕೆ ಹಂಚಿದ್ದಾರೆ. ಮೆಣಸಿನ ತೊಟ್ಟು ಹೋಗುತ್ತದೆ, ಹುರಿಯುವಾಗ ತೇವ ಹೋಗುತ್ತದೆ, ಮಷಿನ್ ಒಳಗೆ ಒಂದಿಷ್ಟು ಉಳಿಯುತ್ತದೆ. ಹೆಚ್ಚಿನವರು ಇದನ್ನೆಲ್ಲ ಮರೆತು, ತಂದ ತೂಕಕ್ಕೇ ಭಾಗಿಸಿಬಿಡುತ್ತಾರೆ. ನಿಮ್ಮವರು ಹಾಗೆ ಮಾಡಿಲ್ಲ. ಉಪ್ಪಿನಕಾಯಿ ಬಾಟಲಿಗೆ ಎಷ್ಟು ದರ ಇಡಬೇಕು ಅನ್ನುವ ಪ್ರಶ್ನೆಗೆ 292 ಸರಿಯಾದ ಅಂಕಿ. ಬಾಡಿಗೆ, ಸಂಬಳ, ಸವಕಳಿ ಎಲ್ಲವೂ ವರ್ಷದ ಕೊನೆಗೆ ಬಾಟಲಿಯಿಂದಲೇ ಬರಬೇಕಲ್ವಾ?

ಆದರೆ ನೀವು ಕೇಳಿದ ಪ್ರಶ್ನೆ ಬೇರೆ. ನಾವೇ ಮಾಡುವುದೋ, ಹೊರಗಿನಿಂದ ಕೊಳ್ಳುವುದೋ? ಇದಕ್ಕೆ ಬೇಕಾದ ಅಂಕಿಯೂ ಬೇರೆ. ನಾನು ಇಂಥ ಹಾಳೆ ನೋಡುವಾಗ ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಒಂದೇ ಮಾತು ಕೇಳಿಕೊಳ್ಳುತ್ತೇನೆ. ನಾಳೆಯಿಂದ ಪುಡಿ ಮಾಡುವುದನ್ನು ನಿಲ್ಲಿಸಿದರೆ ಈ ದುಡ್ಡು ಕೈಯಿಂದ ಹೋಗುವುದೂ ನಿಲ್ಲುತ್ತದೆಯೇ? ನಿಲ್ಲುತ್ತದೆ ಅಂದರೆ ಅದು ಈ ನಿರ್ಧಾರಕ್ಕೆ ಸಂಬಂಧಿಸಿದ ವೆಚ್ಚ. ಮಾಡಿದರೂ ಹೋಗುತ್ತದೆ, ಮಾಡದಿದ್ದರೂ ಹೋಗುತ್ತದೆ ಅಂದರೆ ಅದನ್ನು ಇಲ್ಲಿ ಲೆಕ್ಕಕ್ಕೇ ತರಬಾರದು.

ನಿಮ್ಮ ಹಾಳೆಯಲ್ಲಿ ಕೆಜಿಗೆ ಇರುವುದು ಇಷ್ಟು:

ಮೆಣಸು, ಸಾಸಿವೆ, ಅರಿಶಿನ, ಇಂಗು: 180
ಕರೆಂಟು, ಗ್ಯಾಸು: 12
ದಿನಗೂಲಿ: 20
ತಿಂಗಳ ಸಂಬಳದವರ ಅರ್ಧ ಪಾಲು: 30
ಶೆಡ್ ಬಾಡಿಗೆಯ ಪಾಲು: 25
ಮಷಿನ್ ಸವಕಳಿ: 10
ರಿಪೇರಿ, ಜಾಳಿಗೆ, ಬೆಲ್ಟು: 5
ಆಫೀಸಿನ ಖರ್ಚಿನ ಪಾಲು: 10

ಈಗ ಬೆರಳಿಡೋಣ. ಸಾಮಾನಿನ 180 ನಿಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಒಂದು ಮಾತು ಮಾತ್ರ ನೋಡಿಕೊಳ್ಳಿ. ನಿಮ್ಮ ಮೆಣಸು ಬ್ಯಾಡಗಿ ಮಾರುಕಟ್ಟೆಯಿಂದ ಫೆಬ್ರವರಿಯಲ್ಲೇ ತಂದು ತುಂಬಿಟ್ಟದ್ದು ಎಂದು ಹಾಳೆಯಲ್ಲಿದೆ. ಅದಕ್ಕೆ ಅಂದು ಕೊಟ್ಟ ದುಡ್ಡು ಈಗಾಗಲೇ ಹೋಗಿಯಾಯಿತು. ಈಗ ಹಿಡಿಯಬೇಕಾದದ್ದು ಇವತ್ತಿನ ದರ. ದರ ಏರಿದ್ದರೆ ಚೀಲದಲ್ಲಿರುವ ಮೆಣಸಿನ ಬೆಲೆಯೂ ಏರಿದೆ, ಬೇಡವಾದರೆ ಇವತ್ತಿನ ದರಕ್ಕೆ ಮಾರಬಹುದು. ಇಳಿದಿದ್ದರೆ ನಿಮ್ಮ 180 ನಿಜಕ್ಕೂ ಸ್ವಲ್ಪ ಕಡಿಮೆ. ಹುಬ್ಬಳ್ಳಿಯವರು ತಮ್ಮ 250ನ್ನು ಯಾವ ದರದ ಮೆಣಸು ಹಿಡಿದು ಹೇಳಿದ್ದಾರೆ ಎಂದೂ ಕೇಳಿ. ಒಂದು ಕಡೆ ಹಳೆಯ ದರ, ಇನ್ನೊಂದು ಕಡೆ ಹೊಸ ದರ ಇಟ್ಟು ಹೋಲಿಸಿದರೆ ಲೆಕ್ಕ ಸುಮ್ನೆ ಹಾಳು. ಇಲ್ಲಿ 180 ಇವತ್ತಿನ ದರವೇ ಎಂದುಕೊಂಡು ಮುಂದೆ ಹೋಗುತ್ತೇನೆ.

ಕರೆಂಟು, ಗ್ಯಾಸು 12 ನಿಲ್ಲುತ್ತದೆ. ಹಾಳೆಯಲ್ಲಿ ಓಡಿಸಿದ ಯೂನಿಟ್ಟಿನ ದುಡ್ಡು ಮಾತ್ರ ಇದೆ. ಬಿಲ್ಲಿನಲ್ಲಿ ಬರುವ ನಿಗದಿ ಶುಲ್ಕವನ್ನು ಆಫೀಸಿನ ಖರ್ಚಿಗೆ ಸೇರಿಸಿದ್ದಾರೆ, ಸರಿಯಾಗಿಯೇ ಮಾಡಿದ್ದಾರೆ. ಆ ಶುಲ್ಕ ಮಂಜೂರಾದ ಲೋಡಿನ ಮೇಲೆ ಬೀಳುತ್ತದೆ. ಮಷಿನ್ ನಿಲ್ಲಿಸಿದ ಮಾತ್ರಕ್ಕೆ ಅದು ಕಡಿಮೆ ಆಗುವುದಿಲ್ಲ. ಹೆಸ್ಕಾಂಗೆ ಅರ್ಜಿ ಕೊಟ್ಟು ಲೋಡನ್ನೇ ಇಳಿಸಿಕೊಂಡರೆ ಮಾತ್ರ ಇಳಿಯುತ್ತದೆ.

ದಿನಗೂಲಿ 20 ನಿಲ್ಲುತ್ತದೆ. ಪುಡಿ ಮಾಡುವ 8 ದಿನಕ್ಕೆ ಮಾತ್ರ ಬರುವವರು ಅವರು. ಬೇಡ ಅಂದರೆ ಆ ದಿನ ಬೇರೆ ಕಡೆ ಕೆಲಸಕ್ಕೆ ಹೋಗುತ್ತಾರೆ.

ತಿಂಗಳ ಸಂಬಳದವರ 30 ನಿಲ್ಲುವುದಿಲ್ಲ. ಇದು ಎಲ್ಲಕ್ಕಿಂತ ಮುಖ್ಯವಾದ ಸಾಲು. ಇರುವುದು ಒಬ್ಬ ಹೆಂಗಸು, ಅವರಿಗೆ ತಿಂಗಳಿಗೆ 12,000 ಕೊಡುತ್ತೀರಿ. ಅರ್ಧ ಹೊತ್ತು ಹುರಿಯುವುದು, ಜರಡಿ ಹಿಡಿಯುವುದು, ಇನ್ನರ್ಧ ಹೊತ್ತು ಮಿಡಿ ತೊಳೆಯುವುದು, ಬಾಟಲಿ ತುಂಬುವುದು. ಅದಕ್ಕೇ ಲೆಕ್ಕದವರು 6,000ವನ್ನು ಮಸಾಲೆಯ ತಲೆಗೆ ಹಾಕಿದ್ದಾರೆ. ಪುಡಿ ಹೊರಗಿನಿಂದ ಬಂದ ಮೇಲೆ ಅವರಿಗೆ 6,000 ಮಾತ್ರ ಕೊಡುತ್ತೀರಾ? ಕೊಡುವುದು 12,000ವೇ. ಅರ್ಧ ಹೊತ್ತು ಕೆಲಸ ಇರುವುದಿಲ್ಲ, ಅಷ್ಟೇ.

ಬಾಡಿಗೆಯದ್ದೂ ಅದೇ ಕಥೆ. ಶೆಡ್ಡಿಗೆ ತಿಂಗಳಿಗೆ 15,000, ಅದರಲ್ಲಿ ಮೂರನೇ ಒಂದು ಪಾಲು ಮಸಾಲೆ ಕೋಣೆಗೆ. ಮಾಲೀಕರು ಕೊಟ್ಟದ್ದು ಇಡೀ ಶೆಡ್ಡು. ಒಂದು ಕೋಣೆ ವಾಪಸ್ ತಗೊಳ್ಳಿ, 5,000 ಕಡಿಮೆ ಮಾಡಿ ಅಂದರೆ ನಗುತ್ತಾರೆ.

ಸವಕಳಿ 10 ಅಂತೂ ಯಾರ ಕೈಗೂ ಹೋಗುವ ದುಡ್ಡೇ ಅಲ್ಲ. ಮೂರು ವರ್ಷದ ಹಿಂದೆ ಮಷಿನ್, ಹುರಿಯುವ ಡ್ರಮ್ ಎರಡಕ್ಕೂ 2,40,000 ಕೊಟ್ಟಿರಿ. ಅದು ಮುಳುಗಿದ ದುಡ್ಡು. ಪುಡಿ ಮಾಡಿದರೂ ವಾಪಸ್ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಸಾಲದ ಕಂತು ಉಳಿದಿದ್ದರೆ ಅದೂ ಹಾಗೆಯೇ, ಕಟ್ಟುವುದು ತಪ್ಪುವುದಿಲ್ಲ. ರಿಪೇರಿಯ 5 ನಿಲ್ಲುತ್ತದೆ. ಆಫೀಸಿನ 10 ನಿಲ್ಲುವುದಿಲ್ಲ. ಫೋನು, ಲೆಕ್ಕದವರ ಫೀಸು ಇದ್ದೇ ಇರುತ್ತವೆ.

ನಿಲ್ಲುವ ಸಾಲುಗಳನ್ನು ಮಾತ್ರ ಕೂಡಿ. 180, 12, 20, 5. ಒಟ್ಟು 217. ಮನೆಯಲ್ಲಿ ಮಾಡುವ ಪುಡಿಗೆ ಈ ನಿರ್ಧಾರದ ಮಟ್ಟಿಗೆ ಕೆಜಿಗೆ ಬೀಳುವುದು ಇಷ್ಟೇ.

ಇದರಲ್ಲಿ ರಿಪೇರಿಯ 5 ಗಮನಿಸಿ. ಅದು ಎಷ್ಟು ಕೆಜಿ ಮಾಡುತ್ತೀರಿ ಅನ್ನುವುದರ ಮೇಲೆ ಹೋಗುವ ಖರ್ಚಲ್ಲ, ವರ್ಷಕ್ಕೆ ಹೆಚ್ಚು ಕಡಿಮೆ 12,000 ಬರುವ ಸ್ಥಿರ ವೆಚ್ಚ. ಆದರೂ ಲೆಕ್ಕಕ್ಕೆ ಬಂತು, ಏಕೆಂದರೆ ಮಷಿನ್ ಇಲ್ಲದಿದ್ದರೆ ಅದೂ ಇಲ್ಲ. ಸ್ಥಿರ ವೆಚ್ಚ ಅಂದ ಕೂಡಲೇ ಪೂರ್ತಿ ಬಿಟ್ಟುಬಿಡಬೇಕು ಅನ್ನುವುದು ಒಂದು ತಪ್ಪು ತಿಳಿವಳಿಕೆ. ಕಾಲೇಜಿನಲ್ಲಿ ಕಾಮರ್ಸ್ ಓದಿದವರಲ್ಲೇ ಇದು ಜಾಸ್ತಿ. ಬಾಡಿಗೆಯೂ ಸ್ಥಿರ, ರಿಪೇರಿಯೂ ಸ್ಥಿರ. ಒಂದು ತಪ್ಪುವುದಿಲ್ಲ, ಇನ್ನೊಂದನ್ನು ತಪ್ಪಿಸಬಹುದು. ನೋಡಬೇಕಾದದ್ದು ತಪ್ಪಿಸಬಹುದೋ ಇಲ್ಲವೋ ಅನ್ನುವುದನ್ನು.

ಇನ್ನು ಹುಬ್ಬಳ್ಳಿಯ 250. ಕೋಟೇಶನ್ನಿನ ಕೆಳಗಿನ ಸಣ್ಣ ಅಕ್ಷರ ಓದಿದಿರಾ? ಜಿಎಸ್‌ಟಿ 5% ಪ್ರತ್ಯೇಕ, ಸಾಗಣೆ ನಿಮ್ಮದು. ನೀವು ಸಣ್ಣ ಉದ್ಯಮದವರಿಗೆ ಇರುವ ಜಿಎಸ್‌ಟಿಯ ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವುದರಿಂದ ಕೊಳ್ಳುವಾಗ ಕೊಟ್ಟ ಜಿಎಸ್‌ಟಿ ನಿಮಗೆ ಕ್ರೆಡಿಟ್ಟಾಗಿ ಸಿಗುವುದಿಲ್ಲ, ಪೂರ್ತಿ ಖರ್ಚೇ. ಅದು 12.50. ಲಾರಿ ಬಾಡಿಗೆ, ಇಳಿಸುವ ಹಮಾಲಿ ಸೇರಿ ನೀವೇ ಬರೆದದ್ದು 5.50. ಪುಡಿ ನಿಮ್ಮ ಬಾಗಿಲಿಗೆ ಬರುವಾಗ 268.

217 ಎಲ್ಲಿ, 268 ಎಲ್ಲಿ! ಕೊಂಡರೆ ಕೆಜಿಗೆ 51 ರೂಪಾಯಿ ಜಾಸ್ತಿ. ವರ್ಷಕ್ಕೆ 2,400 ಕೆಜಿ ಅಂದರೆ 1,22,400 ರೂಪಾಯಿ ಕೈಯಿಂದ ಹೋಗುತ್ತದೆ. ಮನೆಯವರು ಒಂದು ಲಕ್ಷ ಉಳಿಯುತ್ತದೆ ಅಂದದ್ದು 292ರಿಂದ 250 ಕಳೆದು. ನಂಬಿಕೆ ಬರದಿದ್ದರೆ ಹೀಗೆ ಮಾಡಿ. ಕೊಳ್ಳಲು ಶುರು ಮಾಡಿದ ಮೇಲಿನ ಮೊದಲ ತಿಂಗಳ ಖರ್ಚಿನ ಪಟ್ಟಿಯನ್ನು ಈಗಲೇ ಪೆನ್ಸಿಲ್ಲಿನಲ್ಲಿ ಬರೆಯಿರಿ. ಬಾಡಿಗೆ 15,000 ಹಾಗೇ ಇದೆ. ಸಂಬಳ 12,000 ಹಾಗೇ ಇದೆ. ಹುಬ್ಬಳ್ಳಿಯ ಬಿಲ್ಲು ಹೊಸದಾಗಿ ಬಂದು ಕೂತಿದೆ. ಆ ಪಟ್ಟಿಯನ್ನು ಈ ತಿಂಗಳ ಪಟ್ಟಿಯ ಪಕ್ಕದಲ್ಲಿಡಿ.

ಇಷ್ಟು ಖಡಕ್ಕಾಗಿ ಹೇಳಲು ಕಾರಣವಿದೆ. ನಾನೇ ಒಮ್ಮೆ ಇಲ್ಲಿ ಎಡವಿದ್ದೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ, ಕುಮಟಾ ಕಡೆಯ ಒಂದು ಗೇರುಬೀಜದ ಕಾರ್ಖಾನೆಯವರಿಗೆ ಸಿಪ್ಪೆ ಸುಲಿಸುವ ಕೆಲಸವನ್ನು ಹೊರಗೆ ಕೊಡಿ ಎಂದು ಹೇಳಿದ್ದೆ. ಉಳಿತಾಯದ ಪಟ್ಟಿಯಲ್ಲಿ ಮೇಸ್ತ್ರಿಯ ಸಂಬಳವನ್ನೂ ಹಾಕಿದ್ದೆ. ಕೆಲಸ ಹೊರಗೆ ಹೋಯಿತು, ಮೇಸ್ತ್ರಿ ಹೋಗಲಿಲ್ಲ. ಇಪ್ಪತ್ತು ವರ್ಷದಿಂದ ಇದ್ದ ಮನುಷ್ಯ, ತೆಗೆಯುವ ಮನಸ್ಸು ಮಾಲೀಕರಿಗೂ ಇರಲಿಲ್ಲ. ಒಂದು ವರ್ಷ ಅವರು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತು ಬರುವ ಹೋಗುವ ಚೀಲ ಎಣಿಸಿದರು. ಮುಂದಿನ ವರ್ಷ ಲೆಕ್ಕ ಮುಗಿಸುವಾಗ ಮಾಲೀಕರು ನನ್ನ ಹಳೆಯ ಹಾಳೆ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟರು. ಬೆರಳಿಟ್ಟು ಕೇಳುವ ಅಭ್ಯಾಸ ನನಗೆ ಬಂದದ್ದು ಅಲ್ಲಿಂದ.

ಈಗ ಮುರುಗಲಿಗೆ ಬರೋಣ. ಇಲ್ಲಿಯವರೆಗೆ ಮಾಡಿದ್ದು ಹೋಗುವ ದುಡ್ಡಿನ ಲೆಕ್ಕ. ಬರಬಹುದಾಗಿದ್ದು ಬಾರದೇ ಹೋದ ದುಡ್ಡಿಗೂ ಒಂದು ಲೆಕ್ಕವಿದೆ. ಅವಕಾಶ ವೆಚ್ಚ ಅನ್ನುತ್ತಾರೆ. ಇದು ಯಾವ ಖಾತೆ ಪುಸ್ತಕದಲ್ಲೂ ಕಾಣುವುದಿಲ್ಲ, ಬಿಲ್ಲೂ ಬರುವುದಿಲ್ಲ. ಅದಕ್ಕೇ ನಿಮ್ಮ ಲೆಕ್ಕದವರ ಹಾಳೆಯಲ್ಲಿ ಇಲ್ಲ.

ನೀವು ಬರೆದ ಪ್ರಕಾರ ಕಳೆದ ಬೇಸಿಗೆಯಲ್ಲಿ 1,500 ಬಾಟಲಿ ಸಿರಪ್ಪಿನ ಆರ್ಡರ್ ಬಿಟ್ಟಿರಿ. ಬಾಟಲಿಗೆ 150 ಬರುತ್ತಿತ್ತು. ಹಣ್ಣು, ಸಕ್ಕರೆ, ಬಾಟಲಿ, ಲೇಬಲ್ಲು, ದಿನಗೂಲಿ ಸೇರಿ 110 ಹೋಗುತ್ತಿತ್ತು. ಉಳಿಯುವುದು 40. ಒಟ್ಟು 60,000. ಇಲ್ಲಿ ಬಾಡಿಗೆ, ತಿಂಗಳ ಸಂಬಳ ಮತ್ತೆ ಕಳೆಯಬೇಡಿ, ಅವು ಹೇಗೂ ಹೋಗುತ್ತವೆ. ಮಸಾಲೆ ಕೋಣೆ ಖಾಲಿ ಇದ್ದಿದ್ದರೆ, ಆ ಹೆಂಗಸಿನ ಅರ್ಧ ಹೊತ್ತು ಬಿಡುವಿದ್ದಿದ್ದರೆ, ಆ 60,000 ನಿಮ್ಮದಾಗುತ್ತಿತ್ತು. ಹಾಗಾಗಿ ಮನೆಯಲ್ಲಿ ಮಸಾಲೆ ಮಾಡುವುದರ ನಿಜವಾದ ಬೆಲೆಗೆ ಆ 60,000ವನ್ನೂ ಸೇರಿಸಬೇಕು.

ಸೇರಿಸಿದ ಮೇಲೂ ವರ್ಷವಿಡೀ ಕೊಳ್ಳುವುದು ನಷ್ಟವೇ. 60,000 ಬರಲಿ ಅಂತ 1,22,400 ಬಿಡುವುದು ಯಾವ ಬುದ್ಧಿವಂತಿಕೆ?

ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. ಪುಸ್ತಕದ ಲೆಕ್ಕವೂ ಇಲ್ಲಿಗೇ ನಿಲ್ಲುತ್ತದೆ. ಆದರೆ ಮುರುಗಲು ವರ್ಷವಿಡೀ ಹಣ್ಣಾಗುವುದಿಲ್ಲ ಅಲ್ವಾ? ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಕೆಂಪಾಗಿ ಉದುರುತ್ತದೆ, ಮಳೆ ಹಿಡಿಯುವುದರೊಳಗೆ ಸಿಪ್ಪೆ ಬಿಡಿಸಿ ಸಕ್ಕರೆಯಲ್ಲಿ ಹಾಕಬೇಕು. ನಿಮ್ಮ ಕೋಣೆಗೆ ಬೆಲೆ ಬರುವುದು ಆ ಎರಡು ತಿಂಗಳು ಮಾತ್ರ. ಉಳಿದ ಹತ್ತು ತಿಂಗಳು ಅದು ಖಾಲಿ ಬಿದ್ದರೆ ಒಂದು ಪೈಸೆಯೂ ಹುಟ್ಟುವುದಿಲ್ಲ. ಬೆಲೆ ಇಲ್ಲದ ಹತ್ತು ತಿಂಗಳಿಗೂ ಸೇರಿಸಿ ಯಾಕೆ ಹೊರಗಿನಿಂದ ಕೊಳ್ಳಬೇಕು? ಆ ಎರಡು ತಿಂಗಳಿಗೆ ಮಾತ್ರ ಕೊಂಡರೆ ಹೇಗೆ?

ಲೆಕ್ಕ ಹಾಕೋಣ. ಎರಡು ತಿಂಗಳಿಗೆ 400 ಕೆಜಿ. ಈ ಸಲ ಮನೆಯ ಖರ್ಚು 217 ಅಲ್ಲ, 212. ಎರಡು ತಿಂಗಳು ಮಷಿನ್ ನಿಲ್ಲಿಸಿದರೆ ವರ್ಷದ ರಿಪೇರಿ ಖರ್ಚು ತಪ್ಪುವುದಿಲ್ಲವಾದ್ದರಿಂದ ಆ 5 ಬಿಟ್ಟೆ. ಒಂದೇ ಖರ್ಚು ಒಂದು ನಿರ್ಧಾರಕ್ಕೆ ಲೆಕ್ಕಕ್ಕೆ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ. ಕೆಜಿಗೆ 56 ಜಾಸ್ತಿ ಕೊಡಬೇಕು, ಒಟ್ಟು 22,400. ಬರುವುದು 60,000. ಕೈಗೆ ಉಳಿಯುವುದು 37,600.

ಬರೀ 400 ಕೆಜಿ ಅಂದರೆ ಹುಬ್ಬಳ್ಳಿಯವರು 250ಕ್ಕೆ ಒಪ್ಪಲಿಕ್ಕಿಲ್ಲ. 270 ಕೇಳಿದರು ಎಂದುಕೊಳ್ಳಿ. ತೆರಿಗೆ, ಸಾಗಣೆ ಸೇರಿ 289 ಆಗುತ್ತದೆ. ಆಗಲೂ ಜಾಸ್ತಿ ಕೊಡುವುದು 30,800, ನಿಮಗೆ 29,200 ಉಳಿಯುತ್ತದೆ. ಚೌಕಾಸಿಗೆ ಕೂರುವ ಮೊದಲು ನಿಮ್ಮ ಗಡಿ ಗೊತ್ತಿರಲಿ. 60,000ವನ್ನು 400 ಕೆಜಿಗೆ ಹಂಚಿದರೆ 150. ಅದಕ್ಕೆ 212 ಸೇರಿಸಿ, 362. ಪುಡಿ ಬಾಗಿಲಿಗೆ ಬರುವಾಗ 362 ದಾಟಿತು ಅಂದರೆ ಮುರುಗಲಿನ ಆಸೆ ಬಿಡಿ. ಅದರ ಕೆಳಗೆ ಎಷ್ಟಾದರೂ ಲಾಭವೇ. ಮಸಾಲೆ 292ಕ್ಕಿಂತ ದುಬಾರಿ ಆಯಿತಲ್ಲ ಎಂದು ಆಗ ಗಾಬರಿ ಬೀಳಬೇಡಿ.

ಇದಕ್ಕಿಂತ ಅಗ್ಗದ ದಾರಿಯೂ ಒಂದಿದೆ. ಮಾಡುವುದೋ ಕೊಳ್ಳುವುದೋ ಎಂದು ತಲೆಕೆಡಿಸಿಕೊಂಡಾಗ, ಯಾವಾಗ ಮಾಡುವುದು ಅನ್ನುವ ಪ್ರಶ್ನೆ ಮರೆತೇಹೋಗುತ್ತದೆ. ಏಪ್ರಿಲ್, ಮೇ ತಿಂಗಳಿಗೆ ಬೇಕಾದ 400 ಕೆಜಿಯನ್ನು ಫೆಬ್ರವರಿ, ಮಾರ್ಚಿನಲ್ಲೇ ಮಾಡಿಟ್ಟರೆ? ದಿನಕ್ಕೆ 25 ಕೆಜಿಯಂತೆ ತಿಂಗಳಿಗೆ 8 ದಿನ ಮಾತ್ರ ಮಷಿನ್ ಓಡುತ್ತಿದೆ. ಆ ಎರಡು ತಿಂಗಳು 16 ದಿನ ಓಡಿಸಬಹುದು, ಅದಕ್ಕೇನೂ ತೊಂದರೆ ಇಲ್ಲ. ಗಾಳಿಯೂ ಒಣದಾಗಿರುತ್ತದೆ. ಎರಡು ತಿಂಗಳು ಮೊದಲೇ ಹೂಡುವ ದುಡ್ಡು 84,800. ಅದಕ್ಕೆ ವರ್ಷಕ್ಕೆ 12%ರಂತೆ ಬಡ್ಡಿ ಹಿಡಿದರೂ 1,700ರ ಹತ್ತಿರ. 22,400 ಬದಲು 1,700!

ಕಷ್ಟ ಇರುವುದು ರುಚಿಯಲ್ಲಿ. ಪುಡಿ ಮಾಡಿಟ್ಟ ಮೆಣಸು ಬೆಳಕಿಗೆ ಬಣ್ಣ ಬಿಡುತ್ತದೆ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದರೆ ಒಳಗೆ ಹಬೆ ಕೂತು ಗಂಟು ಕಟ್ಟುತ್ತದೆ. ಸಾಸಿವೆಯ ಘಾಟು ದಿನ ಹೋದಂತೆ ಇಳಿಯುತ್ತದೆ, ಅಪ್ಪೆಮಿಡಿಗೆ ಆ ಘಾಟೇ ಜೀವ. ನನಗೆ ಲೆಕ್ಕ ಗೊತ್ತು, ಮೂಗು ನಿಮ್ಮದು. ಈ ವಾರವೇ 25 ಕೆಜಿ ಮಾಡಿ, ರಾತ್ರಿಯಿಡೀ ಆರಲು ಬಿಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಕತ್ತಲಲ್ಲಿಡಿ. ಎರಡು ತಿಂಗಳಾದ ಮೇಲೆ ಅದರಲ್ಲಿ ಒಂದು ಭರಣಿ, ಹೊಸ ಪುಡಿಯಲ್ಲಿ ಒಂದು ಭರಣಿ ಕಲಸಿ. ಯಾವುದು ಯಾವುದು ಎಂದು ಹೇಳದೆ ಮನೆಯವರಿಗೆ, ಹಳೆಯ ಗಿರಾಕಿಗಳಿಗೆ ಬಡಿಸಿ ನೋಡಿ. ಗುರುತು ಹಿಡಿಯದಿದ್ದರೆ ಹುಬ್ಬಳ್ಳಿಯ ಮಾತೇ ಬೇಡ. ಸಾಸಿವೆ ಒಂದರಲ್ಲೇ ಗುರುತು ಸಿಕ್ಕಿದರೆ ಉಳಿದದ್ದನ್ನು ಮೊದಲೇ ಮಾಡಿಟ್ಟು, ಸಾಸಿವೆ ಪುಡಿಯನ್ನು ಮಾತ್ರ ಆ ಎರಡು ತಿಂಗಳು ಹೊರಗೆ ಮಾಡಿಸಬಹುದು.

ಯಾವ ದಾರಿ ಹಿಡಿದರೂ ಕೋಣೆ ಖಾಲಿ ಆಗುವುದು ಸುಲಭವಲ್ಲ. ಮೆಣಸಿನ ಧೂಳು ಗೋಡೆ, ಜಂತಿ, ಸ್ವಿಚ್ಚು ಎಲ್ಲದರ ಮೇಲೂ ಕೂತಿರುತ್ತದೆ. ಸಕ್ಕರೆ ಪಾಕ ತೆರೆದಿಟ್ಟರೆ ಖಾರದ ಘಾಟನ್ನು ಹೀರಿಕೊಂಡೀತು. ಮಷಿನ್ನನ್ನು ಮೂಲೆಗೆ ಸರಿಸಿ ತಾಡಪಾಲು ಮುಚ್ಚಿ, ಕೋಣೆ ತೊಳೆದು ಒಣಗಿಸಲು ಒಂದು ವಾರ ಹಿಡಿಯಿರಿ. ಆ ವಾರ ಕಳೆದ ಮೇಲೂ 1,500 ಬಾಟಲಿ ಆಗುತ್ತದೆಯೇ, ಹಣ್ಣು ಅಷ್ಟು ಸಿಗುತ್ತದೆಯೇ ನೋಡಿ. 1,000 ಬಾಟಲಿ ಮಾತ್ರ ಆದರೆ 60,000 ಅಲ್ಲ, 40,000. ಬಿಟ್ಟ ಆರ್ಡರ್ ದೊಡ್ಡದಾಗಿಯೇ ಕಾಣುತ್ತದೆ, ಬಾಯಿಮಾತಿನಲ್ಲಿ ಕೇಳಿದವರೆಲ್ಲ ದುಡ್ಡು ಕೊಡುವುದಿಲ್ಲ. ಈ ಸಲ ಮುಂಗಡ ಕೊಟ್ಟವರನ್ನು ಮಾತ್ರ ಎಣಿಸಿ.

ಒಂದು ಮಾತು ನಿಮಗಲ್ಲ, ಇದನ್ನು ಓದುವ ಬೇರೆಯವರಿಗೆ. ನಮ್ಮಲ್ಲಿ ಎಷ್ಟೋ ಮನೆ ಉದ್ಯಮ ಸ್ವಂತ ಜಾಗದಲ್ಲೇ ನಡೆಯುತ್ತದೆ. ಮನೆ ಹಿಂದಿನ ಕೋಣೆ, ಬಾಡಿಗೆ ಇಲ್ಲ, ಅದಕ್ಕೆ ಪುಕ್ಕಟೆ ಎಂದುಕೊಳ್ಳುತ್ತಾರೆ. ಈ ಪತ್ರದ ಮನೆಯವರು ನಿಲ್ಲದ ಬಾಡಿಗೆಯನ್ನೂ ಉಳಿತಾಯಕ್ಕೆ ಸೇರಿಸಿದರಲ್ಲ, ಅದರ ಉಲ್ಟಾ ತಪ್ಪು ಇದು. ಆ ಕೋಣೆಯನ್ನು ಅಡಿಕೆ ಚೀಲ ಇಡಲು ಯಾರಾದರೂ ತಿಂಗಳಿಗೆ 3,000 ಕೊಟ್ಟು ತಗೊಳ್ಳುವವರಿದ್ದರೆ, ಒಳಗೆ ಮಾಡುವ ಕೆಲಸಕ್ಕೆ ಆ 3,000 ಬಿದ್ದ ಹಾಗೆಯೇ. ಕೊಡುವವರು ಯಾರೂ ಇಲ್ಲದಿದ್ದರೆ ಮಾತ್ರ ಪುಕ್ಕಟೆ.

ಮನೆಯವರ ಮಾತನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ಈಗ ತಪ್ಪಿಸಲಾಗದ ಖರ್ಚು ಮುಂದೆ ಒಂದು ದಿನ ತಪ್ಪಿಸಬಹುದಾದ ಖರ್ಚಾಗುತ್ತದೆ. ನಿಮ್ಮ ಬಾಡಿಗೆ ಕರಾರು 11 ತಿಂಗಳದ್ದು. ಅದು ಮುಗಿಯುವಾಗ ಮಾಲೀಕರು ಆ ಕೋಣೆ ಬಿಟ್ಟು 10,000ಕ್ಕೆ ಒಪ್ಪಿದರೆ ಬಾಡಿಗೆಯ 25 ಲೆಕ್ಕಕ್ಕೆ ಬರುತ್ತದೆ. ಮಷಿನ್ನಿಗೆ ಇವತ್ತು 90,000 ಸಿಗುತ್ತದೆ ಎಂದಿದ್ದೀರಿ. ಇಟ್ಟುಕೊಂಡರೆ ಐದು ವರ್ಷದಲ್ಲಿ ಅದು 30,000ಕ್ಕೆ ಇಳಿಯಬಹುದು, ಆ ದುಡ್ಡಿನ ಬಡ್ಡಿಯೂ ಬಿಟ್ಟ ಹಾಗೆ. ಎರಡೂ ಸೇರಿ ಕೆಜಿಗೆ 9 ಹಿಡಿಯಿರಿ. ಪುಸ್ತಕದ ಸವಕಳಿ ಬೇಡ ಅಂದವನು ಇದನ್ನು ಯಾಕೆ ಸೇರಿಸುತ್ತಿದ್ದೇನೆ ಅಂದರೆ, 90,000 ಇವತ್ತು ನಿಜವಾಗಿ ಕೈಗೆ ಬರುವ ದುಡ್ಡು. ಹಳೆಯ 2,40,000 ಹಾಗಲ್ಲ. 217ಕ್ಕೆ 25, 9 ಸೇರಿಸಿದರೆ 251. ಆಗಲೂ 268ಕ್ಕಿಂತ ಕಡಿಮೆಯೇ, ಮನೆಯಲ್ಲಿ ಮಾಡುವುದೇ ಸರಿ.

ತಿಂಗಳ ಸಂಬಳದವರು ತಾವಾಗಿ ಕೆಲಸ ಬಿಟ್ಟರು, ಉಳಿದ ಅರ್ಧ ಕೆಲಸಕ್ಕೆ ಅರ್ಧ ಹೊತ್ತಿನವರು ಸಿಕ್ಕಿದರು ಎಂದುಕೊಳ್ಳಿ. ಆಗ 30 ಕೂಡ ಲೆಕ್ಕಕ್ಕೆ ಬರುತ್ತದೆ, 281 ಆಗುತ್ತದೆ. ಆಗ ಹುಬ್ಬಳ್ಳಿಯ 268 ಗೆದ್ದಿತು. ಕೋಣೆ ಒಂದೇ ಬಿಟ್ಟರೂ ಸಾಲದು, ಅವರೊಬ್ಬರೇ ಬಿಟ್ಟರೂ ಸಾಲದು, ಎರಡೂ ಒಟ್ಟಿಗೆ ಆಗಬೇಕು. ಲೆಕ್ಕಕ್ಕಾಗಿ ಅವರನ್ನು ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಹುರಿಯುವಾಗ ಮೆಣಸು ಯಾವಾಗ ಇಳಿಸಬೇಕು ಎಂದು ಗೊತ್ತಿರುವುದು ಅವರಿಗೇ ಎಂದು ನೀವೇ ಬರೆದಿದ್ದೀರಲ್ಲ.

ಮಷಿನ್ ಮಾರುವುದರಲ್ಲಿ ಇನ್ನೊಂದು ಅಪಾಯವಿದೆ. ಇವತ್ತಿನ 250, ನಿಮ್ಮ ಹತ್ತಿರ ಮಷಿನ್ ಇದ್ದಾಗಿನ ದರ. ಅದು ಹೋದ ಮೇಲೆ ಮುಂದಿನ ಕೋಟೇಶನ್ ಬರುವಾಗ ಬೇಡ ಅನ್ನಲು ನಿಮಗೆ ದಾರಿ ಇರುವುದಿಲ್ಲ. ನಿಮ್ಮ ಅಳತೆಯೂ ಅವರ ಹತ್ತಿರ ಇರುತ್ತದೆ. ಸಾಲ ಇನ್ನೂ ಇದ್ದರೆ ಮಷಿನ್ ಬ್ಯಾಂಕಿಗೆ ಅಡವಿದ್ದ ಹಾಗೆ, ಬ್ಯಾಂಕಿನ ಒಪ್ಪಿಗೆ ಇಲ್ಲದೆ ಮಾರುವಂತೆಯೂ ಇಲ್ಲ. ಇತ್ತ ಮನೆಯಲ್ಲಿ ಮಾಡುವುದರಲ್ಲೂ ತೊಂದರೆ ಇಲ್ಲದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಹುರಿದ ಮೆಣಸು ಮೆತ್ತಗಾಗಿ ಕೂರುತ್ತದೆ, ಜಾಳಿಗೆಗೆ ಅಂಟುತ್ತದೆ. ಜುಲೈನಲ್ಲಿ ವಾರಗಟ್ಟಲೆ ಹಾಗಾದರೆ ಆಗ 50 ಕೆಜಿ ಕೊಂಡು ತರಲು ಒಂದು ಪರಿಚಯ ಇರುವುದು ಒಳ್ಳೆಯದೇ. ಹುಬ್ಬಳ್ಳಿಯವರ ಫೋನ್ ನಂಬರ್ ಅಳಿಸಬೇಡಿ.

ಕೊಳ್ಳುವುದೇ ಆದರೆ ಪುಡಿಯಲ್ಲಿ ಏನೇನಿದೆ ಎಂದು ಬರಹದಲ್ಲಿ ತಗೊಳ್ಳಿ, ಅವರ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಸಮೇತ. ಇಂಗಿನ ಪುಡಿಗೆ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸುವುದು ಸಾಮಾನ್ಯ. ಹಾಗಿದ್ದರೆ ಗೋಧಿ ಇದೆ ಎಂದು ನಿಮ್ಮ ಬಾಟಲಿಯ ಲೇಬಲ್ಲಿನಲ್ಲೂ ಬರೆಯಬೇಕಾಗುತ್ತದೆ. ಪುಡಿ ಯಾರೇ ಮಾಡಲಿ, ಬಾಟಲಿಯ ಮೇಲೆ ಹೆಸರು ನಿಮ್ಮದು, ದೂರು ಬಂದರೆ ಬಾಗಿಲಿಗೆ ಬರುವುದೂ ನಿಮ್ಮ ಮನೆಗೇ.

ಈಗ ಮಾಡಬೇಕಾದದ್ದು ಇಷ್ಟು. ಹುಬ್ಬಳ್ಳಿಯವರಿಗೆ ಇಲ್ಲ ಅನ್ನಬೇಡಿ. ಏಪ್ರಿಲ್, ಮೇ ಎರಡು ತಿಂಗಳಿಗೆ 400 ಕೆಜಿ ಮಾತ್ರ, ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿ. ಮುಂಗಡ ಕೊಡಬೇಡಿ, 5 ಕೆಜಿ ಸ್ಯಾಂಪಲ್ ದುಡ್ಡು ಕೊಟ್ಟೇ ತರಿಸಿ. ಸ್ಯಾಂಪಲ್ ಬಂದಾಗ ನೀವು ಕತ್ತಲಲ್ಲಿಟ್ಟ ಪುಡಿಯ ಪಕ್ಕದಲ್ಲಿ ಅದನ್ನೂ ಇಡಿ. ಭರಣಿ ಎರಡರ ಬದಲು ಮೂರು ಕಲಸಿ. ಆಮೇಲೆ ನನಗೆ ಮೂರು ವಿಷಯ ಬರೆದು ಕಳಿಸಿ. 400 ಕೆಜಿಗೆ ಅವರು ಹೇಳಿದ ದರ, ಮುಂಗಡ ಕೊಟ್ಟ ಮುರುಗಲು ಗಿರಾಕಿಗಳ ಬಾಟಲಿ ಲೆಕ್ಕ, ಮತ್ತೆ ಮನೆಯವರು ಯಾವ ಭರಣಿಗೆ ಕೈ ಹಾಕಿದರು ಅನ್ನುವುದು.